ಕೂದಲು ಮುಟ್ಟದೆ ಆಕಾಶ ಬದಲಿಸುವ ಕಸುಬು

ಹಾಸನದ ಒಂದು ಮಹಡಿ ಕೋಣೆಯಲ್ಲಿ ಮದುವೆ ಆಲ್ಬಂ ಡಿಸೈನ್ ಮಾಡುವವರೊಬ್ಬರಿದ್ದಾರೆ. ಮೊನ್ನೆ ಹೋದಾಗ ಅವರ ಮಾನಿಟರ್ ಮೇಲೆ ಮುಳ್ಳಯ್ಯನಗಿರಿಯಲ್ಲಿ ತೆಗೆದ ಪ್ರಿವೆಡ್ಡಿಂಗ್ ಫೋಟೊ ಇತ್ತು. ಮಳೆಗಾಲದ ಮೋಡ, ಮುಖಕ್ಕೆ ಹೊಂದಿಸಿದ ಎಕ್ಸ್‌ಪೋಷರ್. ಹಾಗಾಗಿ ಹುಡುಗಿಯ ಹಿಂದಿನ ಆಕಾಶ ಪೂರ್ತಿ ಬೆಳ್ಳಗೆ. ಗಾಳಿಗೆ ಕೂದಲು ದಿಕ್ಕಾಪಾಲಾಗಿ ಹಾರಿದೆ. ಮನೆಯವರಿಗೆ ಮಾತ್ರ ಮೋಡ ತುಂಬಿದ ಆಕಾಶವೇ ಬೇಕಂತೆ.

‘ಇದನ್ನೆಲ್ಲ ಎಳೆ ಎಳೆಯಾಗಿ ಕಟ್ ಮಾಡ್ತೀರಾ?’ ಎಂದೆ.

‘ಯಾಕ್ ಸಾರ್ ಕಟ್ ಮಾಡ್ಬೇಕು? ಆಕಾಶ ಬೆಳ್ಳಗಿದ್ಯಲ್ಲ, ಅದೇ ಅನುಕೂಲ. ಕೂದ್ಲು ಮುಟ್ಟೋದೇ ಬೇಡ.’

ಹೊಸ ಆಕಾಶವನ್ನು ಫೋಟೊದ ಮೇಲಿನ ಲೇಯರ್‌ನಲ್ಲಿಟ್ಟು, ಬ್ಲೆಂಡ್ ಮೋಡ್ ಅನ್ನು ಮಲ್ಟಿಪ್ಲೈಗೆ ತಿರುಗಿಸಿದರು. ಮೋಡಗಳು ಕೂದಲಿನ ಹಿಂದೆ ಹೋಗಿ ನಿಂತವು! ಮುಖ, ಸೀರೆಯ ಮೇಲೂ ಮೋಡ ಹರಡಿತ್ತು ನಿಜ. ಆದರೆ ಒಂದೊಂದು ಎಳೆಯೂ ಇದ್ದಲ್ಲೇ ಇತ್ತು.

ಲೆಕ್ಕ ಸರಳವಾದದ್ದು. ಕಪ್ಪಿಗೆ 0, ಬಿಳಿಗೆ 255. ಮಲ್ಟಿಪ್ಲೈ ಎಂದರೆ ಮೇಲಿನ, ಕೆಳಗಿನ ಅಂಕಿಗಳನ್ನು ಗುಣಿಸಿ 255ರಿಂದ ಭಾಗಿಸುವುದು. ಕೆಳಗೆ ಬಿಳಿಯಿದ್ದರೆ ಹೊಸ ಆಕಾಶ ಹಾಗೇ ಕಾಣುತ್ತದೆ. ಕಪ್ಪಿದ್ದರೆ ಕಪ್ಪೇ ಉಳಿಯುತ್ತದೆ. ನನಗೆ ಖುಷಿ ಕೊಟ್ಟದ್ದು ಇವೆರಡರ ನಡುವಿನದು. ಕೂದಲಿನ ತುದಿಯ ಒಂದು ಪಿಕ್ಸೆಲ್‌ನಲ್ಲಿ ಅರ್ಧ ಕೂದಲು (40), ಅರ್ಧ ಬಿಳಿ ಆಕಾಶ (255) ಬೆರೆತಿದೆ ಎನ್ನಿ. ಅದರ ಬೆಲೆ ಸುಮಾರು 147. ಹೊಸ ಆಕಾಶ 120ರಷ್ಟು ಗಾಢವಾಗಿದ್ದರೆ ಆ ಪಿಕ್ಸೆಲ್ ನ್ಯಾಯವಾಗಿ 80 ಆಗಬೇಕು. ಕತ್ತರಿಸಿ ಅಂಟಿಸಿದರೆ 147 ಆಗಿಯೇ ಉಳಿದು ಆಕಾಶಕ್ಕಿಂತ ಬೆಳ್ಳಗೆ ಹೊಳೆಯುತ್ತದೆ. ಅಗ್ಗದ ಆಲ್ಬಂಗಳಲ್ಲಿ ತಲೆಯ ಸುತ್ತ ಕಾಣುವ ಬಿಳಿ ಗೆರೆ ಇದೇ. ಮಲ್ಟಿಪ್ಲೈ ಮಾಡಿದರೆ 69. 80ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ತಿಳಿಯದು.

ಆಮೇಲೆ ಮಾಸ್ಕ್. ಮುಖ, ಸೀರೆಯ ಮೇಲೆ ಕಪ್ಪು ಬಳಿದು ಮೋಡವನ್ನು ಒರೆಸಬೇಕು. ಮಾಸ್ಕಿನ ಅಂಚನ್ನು ಕೂದಲಿನ ಹೊರತುದಿಗೆ ಒಯ್ಯದೆ, ದಟ್ಟ ಕಪ್ಪಿರುವ ಒಳಭಾಗದಲ್ಲೇ ಮೆತ್ತನೆಯ ಬ್ರಷ್‌ನಿಂದ ಮುಗಿಸಿದರು. ಅಲ್ಲಿ ಮೋಡ ಇದ್ದರೂ ಇಲ್ಲದಿದ್ದರೂ ಕಪ್ಪು ಕಪ್ಪೇ, ಹೊಲಿಗೆ ಕಾಣುವುದಿಲ್ಲ. ಭುಜಕ್ಕೆ ಈ ರಿಯಾಯಿತಿ ಇಲ್ಲ. ಚರ್ಮ ತಿಳಿಬಣ್ಣದ್ದು, ಮೋಡದ ಬೂದು ಕೂಡಲೇ ಹತ್ತುತ್ತದೆ. ಅಲ್ಲಿ ಪೆನ್ ಟೂಲಿನಿಂದ ಅಂಚು ಹಿಡಿದು ಒಂದು ಪಿಕ್ಸೆಲ್ ಮಾತ್ರ ಮೃದು ಮಾಡಿದರು.

ಇಲ್ಲಿ ನನಗೆ ಗುಸ್ತಾವ್ ಲೆ ಗ್ರೇ ನೆನಪಾಗದಿರಲಿಲ್ಲ. 1850ರ ದಶಕದ ಕೊಲೋಡಿಯನ್ ಗಾಜಿನ ಪ್ಲೇಟುಗಳು ನೀಲಿ ಬೆಳಕಿಗೆ ವಿಪರೀತ ಸ್ಪಂದಿಸುತ್ತಿದ್ದವು. ನೆಲ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶ ಬರೀ ಬಿಳಿಯಾಗುತ್ತಿತ್ತು. ಈ ಫ್ರೆಂಚ್ ಮಹಾಶಯ ಕಡಲಿಗೊಂದು, ಮೋಡಕ್ಕೊಂದು ನೆಗೆಟಿವ್ ಇಟ್ಟುಕೊಂಡು ಒಂದೇ ಕಾಗದಕ್ಕೆ ಎರಡನ್ನೂ ಪ್ರಿಂಟ್ ಹಾಕಿದ. ಮಜಾ ಎಂದರೆ, ಒಂದೇ ಮೋಡ ಅವನ ಬೇರೆ ಬೇರೆ ಕಡಲುಗಳ ಮೇಲೆ ತೇಲುತ್ತದೆ. ನಮ್ಮ ಆಲ್ಬಂಗಳಲ್ಲಿ ಹತ್ತು ಜೋಡಿಗಳ ಹಿಂದೆ ಒಂದೇ ಸೂರ್ಯಾಸ್ತ ಇರುವುದನ್ನು ನೋಡಿ ನಗುವವರು ಇದನ್ನೂ ನೋಡಬೇಕು. ಅಷ್ಟಾದರೂ ಲೆ ಗ್ರೇ ಪುಣ್ಯವಂತ. ಅವನ ಹೊಲಿಗೆ ಬಿದ್ದದ್ದು ನೆಟ್ಟಗಿನ ದಿಗಂತದ ಮೇಲೆ, ಹಾರುವ ಕೂದಲಿನ ಮೇಲಲ್ಲ.

ಸೂರ್ಯಾಸ್ತದ ಬಗ್ಗೆ ನನಗೆ ತಕರಾರಿದೆ. ಬಿಳಿ ಆಕಾಶದಡಿ ತೆಗೆದ ಮುಖದಲ್ಲಿ ಗಟ್ಟಿ ನೆರಳಿರುವುದಿಲ್ಲ. ಅದರ ಹಿಂದೆ ಕಡುನೀಲಿಯನ್ನೋ ಕೆಂಪನ್ನೋ ತಂದಿಟ್ಟರೆ, ಕೂದಲು ಎಷ್ಟು ಚೆನ್ನಾಗಿ ಕೂತರೂ ಸುಳ್ಳು ಗೊತ್ತಾಗುತ್ತದೆ. ಇವರು ಆರಿಸಿದ್ದು ಬೂದು ಮೋಡ, ಕೆಳಗೆ ಬರುತ್ತಾ ತಿಳಿಯಾಗುವಂಥದ್ದು. ಅದನ್ನು ಸ್ವಲ್ಪ ಮಸುಕು ಮಾಡಿದರು, ಏಕೆಂದರೆ ಮೂಲ ಫೋಟೊದ ಬೆಟ್ಟಗಳೂ ಮಸುಕೇ. ಹಳೆಯ ಆಕಾಶ ಪೂರ್ತಿ 255 ಇರದೆ 240ರ ಸುಮಾರಿನಲ್ಲಿತ್ತು. ಹೊಸದು ಅದರ ಮೇಲೆ ಕೊಂಚ ಮಂಕಾಯಿತು. ಲೆವೆಲ್ಸ್‌ನಲ್ಲಿ ಬಿಳಿಯನ್ನು ಮೇಲೆತ್ತಬಹುದಿತ್ತು, ಜಾಸ್ತಿ ಎತ್ತಿದರೆ ತೆಳು ಎಳೆಗಳು ಕರಗಿಹೋಗುತ್ತವೆ. ಅದಕ್ಕೇ ಹೊಸ ಆಕಾಶವನ್ನೇ ಸ್ವಲ್ಪ ಬೆಳಗಿಸಿದರು.

ಎಲ್ಲ ಮುಗಿಯಿತು ಎನ್ನುವಾಗ ಮುಡಿಯ ಮಲ್ಲಿಗೆ ಬೂದುಬಣ್ಣಕ್ಕೆ ತಿರುಗಿತ್ತು. ಬಿಳಿ ಹೂವನ್ನೂ ಮಲ್ಟಿಪ್ಲೈ ಆಕಾಶವೆಂದೇ ತಿಳಿಯುತ್ತದೆ. ಹೂವಿನಿಂದ ಹೂವಿಗೆ ಸಣ್ಣ ಬ್ರಷ್‌ನಲ್ಲಿ ಮಾಸ್ಕ್ ತಿದ್ದುತ್ತಾ ಕೂತರು. ಹಾಗಾದರೆ ನರೆಗೂದಲಿನ ಅಜ್ಜಿಯರ ಗತಿ? ‘ಅವ್ರಿಗೆ ಇದು ನಡೆಯಲ್ಲ ಸಾರ್. ತಲೆ ಹಿಂದಕ್ಕೆ ಬೆಳ್ಳನೆ ಮೋಡ ಬರೋ ಹಾಗೆ ಆಕಾಶ ಸರಿಸ್ತೀನಿ, ನೀಲಿ ಏನಿದ್ರೂ ಫೋಟೊ ಮೂಲೇಲಿ.’