ರದ್ದು ಮಾಡಿದ ಮೇಲೂ ವರ್ಷದ ಚಂದಾ ಕಡಿತವಾದರೆ

ಫೋನಿನಿಂದ ಆ್ಯಪ್ ತೆಗೆದುಹಾಕಿದರೆ ಚಂದಾ ರದ್ದಾಯಿತು ಎಂದು ಬಹಳ ಮಂದಿ ನಂಬಿದ್ದಾರೆ. ಅದರಿಂದ ಚಂದಾ ನಿಲ್ಲುವುದಿಲ್ಲ. ಹಾಗೆ ಮಾಡಿ ಹಣ ಕಳೆದುಕೊಂಡವರ ವಾದಕ್ಕೆ ಬಲ ಕಡಿಮೆ. ಆದರೆ ಆ್ಯಪಿನ ಒಳಗೆ ಹೋಗಿ ಕ್ರಮವಾಗಿ ರದ್ದು ಮಾಡಿ, ಅದಕ್ಕೆ ದೃಢೀಕರಣದ ಮೇಲ್ ಕೂಡ ಬಂದಿದ್ದು, ಆಮೇಲೂ ಹಣ ಹೋಗಿದ್ದರೆ ಅದನ್ನು ಕೇಳಿ ಪಡೆಯುವ ಹಕ್ಕು ನಿಮ್ಮದು.

ಒಂದು ಉದಾಹರಣೆ ನೋಡೋಣ. ಮಾರ್ಚ್ 3ರಂದು ರದ್ದು ಮಾಡಿದ್ದೀರಿ, ಮಾರ್ಚ್ 20ರಂದು ಖಾತೆಯಿಂದ ₹1,499 ಕಡಿತವಾಗಿದೆ. ಮೊದಲು ಹಳೆಯ ಎಸ್ಸೆಮ್ಮೆಸ್ಸುಗಳನ್ನು ಹುಡುಕಿ. ರಿಸರ್ವ್ ಬ್ಯಾಂಕಿನ ನಿಯಮದಂತೆ, ತಾನಾಗಿ ನವೀಕರಣಗೊಳ್ಳುವ ಪಾವತಿಗೆ ಕನಿಷ್ಠ 24 ಗಂಟೆ ಮೊದಲು ಬ್ಯಾಂಕ್ ಮುನ್ಸೂಚನೆ ಕಳಿಸಬೇಕು. ಅದು ಬಂದಿರದಿದ್ದರೆ ಬ್ಯಾಂಕನ್ನೂ ಪ್ರಶ್ನಿಸಬಹುದು. ಬಂದಿದ್ದರೆ ಕಂಪನಿಯ ಹೆಸರು, ಮೊತ್ತ, ದಿನಾಂಕ ಅದರಲ್ಲೇ ಸಿಗುತ್ತವೆ.

ನಂತರ ಕಂಪನಿಗೆ ಬರೆಯಿರಿ. ಫೋನಿನಲ್ಲಿ ಜಗಳವಾಡಿದ್ದಕ್ಕೆ ದಾಖಲೆ ಉಳಿಯುವುದಿಲ್ಲ. ಮೇಲ್ ಇಷ್ಟೇ ಇದ್ದರೆ ಸಾಕು:

"ನನ್ನ ವಾರ್ಷಿಕ ಚಂದಾವನ್ನು ಮಾರ್ಚ್ 3ರಂದು ರದ್ದು ಮಾಡಿದ್ದೇನೆ. ನಿಮ್ಮ ದೃಢೀಕರಣದ ಮೇಲ್ ಲಗತ್ತಿಸಿದೆ. ಆದರೂ ಮಾರ್ಚ್ 20ರಂದು ₹1,499 ಕಡಿತವಾಗಿದೆ. ಆ ಬಳಿಕ ಸೇವೆಯನ್ನು ನಾನು ಬಳಸಿಲ್ಲ. ಪೂರ್ತಿ ಮೊತ್ತವನ್ನು ಏಳು ದಿನಗಳೊಳಗೆ ಅದೇ ಖಾತೆಗೆ ಹಿಂದಿರುಗಿಸಿ."

ಸೇವೆ ಬಳಸಿಲ್ಲ ಎಂಬ ವಾಕ್ಯ ಮುಖ್ಯ, ಅದು ನಿಜವೂ ಆಗಿರಬೇಕು. ಹೇಗೂ ದುಡ್ಡು ಹೋಯಿತಲ್ಲ ಎಂದು ಒಂದು ಸಿನಿಮಾ ನೋಡಿಬಿಟ್ಟರೂ ಕಂಪನಿ ಅದನ್ನೇ ಎತ್ತಿ ತೋರಿಸಬಹುದು. ಹಣದ ಬದಲು ಕೂಪನ್ ಕೊಡುತ್ತೇವೆ ಎಂದರೆ, ಬೇಡ ಎಂದು ಬರಹದಲ್ಲೇ ತಿಳಿಸಿ.

ಅದೇ ದಿನ ಮ್ಯಾಂಡೇಟನ್ನೂ ರದ್ದು ಮಾಡಬೇಕು. ಕಂಪನಿಯ ಬಳಿ ಚಂದಾ ನಿಲ್ಲಿಸುವುದು ಬೇರೆ, ಹಣ ಎಳೆದುಕೊಳ್ಳಲು ಬ್ಯಾಂಕಿಗೆ ನೀವು ಕೊಟ್ಟ ಅನುಮತಿ ಹಿಂಪಡೆಯುವುದು ಬೇರೆ. ಯುಪಿಐ ಮೂಲಕ ಕೊಟ್ಟಿದ್ದರೆ ಆ ಆ್ಯಪಿನ ಆಟೋಪೇ ವಿಭಾಗದಲ್ಲಿ ಅದು ಸಿಗುತ್ತದೆ. ಕಾರ್ಡಿನದಾದರೆ ಬ್ಯಾಂಕಿನವರನ್ನು ಕೇಳಿ.

ಕಂಪನಿ ಸುಮ್ಮನಿದ್ದರೆ, ಕಾರ್ಡಿನಲ್ಲಿ ಪಾವತಿಯಾಗಿದ್ದವರು ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ ಕೇಳಬಹುದು. ಇಲ್ಲಿ ಮಾತು ಸ್ಪಷ್ಟವಾಗಿರಲಿ. "ವಂಚನೆಯಾಗಿದೆ" ಎಂದರೆ ಕಾರ್ಡ್ ಬ್ಲಾಕ್ ಮಾಡಿ ಬೇರೆಯೇ ತನಿಖೆ ಶುರುವಾದೀತು. "ರದ್ದಾದ ಚಂದಾಕ್ಕೆ ಹಣ ಕಡಿತವಾಗಿದೆ" ಎನ್ನಿ, ಕಾರ್ಡ್ ಜಾಲಗಳಲ್ಲಿ ಇಂಥ ದೂರಿಗೆ ಪ್ರತ್ಯೇಕ ವರ್ಗವೇ ಇದೆ. ಕಾಲಮಿತಿ ಇರುವುದರಿಂದ ತಡ ಮಾಡಬೇಡಿ.

ಬ್ಯಾಂಕ್ 30 ದಿನಗಳಾದರೂ ಉತ್ತರಿಸದಿದ್ದರೆ cms.rbi.org.in ತಾಣದಲ್ಲಿ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಆದರೆ ಅಲ್ಲಿ ವಿಚಾರಣೆಯಾಗುವುದು ಬ್ಯಾಂಕಿನ ಲೋಪ ಮಾತ್ರ. ಕಂಪನಿಯ ಮೇಲಿನ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಚಂದಾ ರದ್ದು ಮಾಡುವ ದಾರಿಯನ್ನು ಬೇಕೆಂದೇ ಕಠಿಣಗೊಳಿಸುವುದನ್ನು 2023ರ ಕೇಂದ್ರ ಮಾರ್ಗಸೂಚಿ ನಿಷೇಧಿಸಿದೆ, ದೂರಿನಲ್ಲಿ ಅದನ್ನೂ ಉಲ್ಲೇಖಿಸಿ.

ರದ್ದತಿಯ ಮೇಲನ್ನು ಮಾತ್ರ, ನವೀಕರಣದ ದಿನ ಕಳೆದು ಎರಡು ತಿಂಗಳಾಗುವವರೆಗೂ ಅಳಿಸಬೇಡಿ.