ವಕೀಲರಿಗೆ ಕೊಡುವ ಮುನ್ನ ಒಪ್ಪಂದ ಪತ್ರ ನೀವೇ ಓದಿ

ಹಾಲಿನ ಜೊತೆಗೆ ಎರೆಗೊಬ್ಬರವನ್ನೂ ಮಾರುವ ಒಬ್ಬ ಸದಸ್ಯೆಗೆ ಪಟ್ಟಣದ ನರ್ಸರಿಯವರು ಒಂದು ವರ್ಷದ ಸರಬರಾಜು ಒಪ್ಪಂದ ಕಳುಹಿಸಿದ್ದಾರೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 50 ಕೆ.ಜಿ.ಯ 40 ಚೀಲ. ಕಾನೂನಿನ ಮಾತು ವಕೀಲರಿಗೆ ಗೊತ್ತು. ಆದರೆ ಬಾಯಿಮಾತಿನಲ್ಲಿ ಒಪ್ಪಿದ ದರ ಎಷ್ಟು, ಗಾಡಿ ಬಾಡಿಗೆ ಯಾರದ್ದು ಎಂಬುದು ಗೊತ್ತಿರುವುದು ನಿಮಗೆ ಮಾತ್ರ. ಆ ತಪ್ಪುಗಳನ್ನು ನೀವೇ ಹಿಡಿಯಬೇಕು.

ಮೊದಲು ಒಂದು ಜೆರಾಕ್ಸ್ ಮಾಡಿಸಿ, ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಪತ್ರ ಇಂಗ್ಲಿಷಿನಲ್ಲಿದ್ದರೆ ಮನೆಯಲ್ಲಿ ಓದಿದ ಮಕ್ಕಳು ಒಂದೊಂದೇ ಸಾಲು ಓದಿ ಹೇಳಲಿ. ನಿಮ್ಮ ಹೆಸರು ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇರುವಂತೆಯೇ ಎಲ್ಲ ಪುಟದಲ್ಲೂ ಇದೆಯೇ ನೋಡಿ.

ಆಮೇಲೆ ಅಂಕಿಗಳಿಗಷ್ಟೇ ಸುತ್ತು ಹಾಕುತ್ತಾ ಹೋಗಿ. ಹೆಚ್ಚು ದುಡ್ಡು ಸೋರುವುದು ಇಲ್ಲೇ. ನಮ್ಮ ಉದಾಹರಣೆಯಲ್ಲಿ ಎರಡನೇ ಪುಟದಲ್ಲಿ ‘ಕೆ.ಜಿ.ಗೆ 8 ರೂಪಾಯಿ’ ಎಂದಿದೆ, ಅಂದರೆ ಚೀಲಕ್ಕೆ 400. ಕೊನೆಯ ದರಪಟ್ಟಿಯಲ್ಲಿ ‘ಚೀಲಕ್ಕೆ 380’ ಎಂದಿದೆ. ಚೀಲಕ್ಕೆ 20 ರೂಪಾಯಿ ವ್ಯತ್ಯಾಸವಾದರೆ 40 ಚೀಲಕ್ಕೆ ತಿಂಗಳಿಗೆ 800, ವರ್ಷಕ್ಕೆ 9,600 ರೂಪಾಯಿ. ಯಾರೂ ಮೋಸ ಮಾಡಿರಬೇಕೆಂದಿಲ್ಲ, ಹಳೆಯ ದರಪಟ್ಟಿಯನ್ನೇ ಅಂಟಿಸಿರಬಹುದು. ಸಹಿ ಬಿದ್ದ ಮೇಲೆ ಮಾತ್ರ ಜಗಳಕ್ಕೆ ಅದೇ ದಾರಿ.

ತೂಕ ಎಲ್ಲಿ ಎಂಬುದನ್ನೂ ಹುಡುಕಿ. ಎರೆಗೊಬ್ಬರದ ತೇವ ಆರಿದಂತೆ ತೂಕ ಇಳಿಯುತ್ತದೆ. ನಿಮ್ಮ ಅಂಗಳದಲ್ಲಿ 50 ಇದ್ದದ್ದು ನಾಲ್ಕು ದಿನ ಬಿಟ್ಟು ಅವರ ತಕ್ಕಡಿಯಲ್ಲಿ 50 ಇರುವುದಿಲ್ಲ. ‘ಲೋಡ್ ಮಾಡುವಾಗಿನ ತೂಕ’ ಎಂದು ಬರೆದಿಲ್ಲದಿದ್ದರೆ ಗುರುತು ಹಾಕಿ.

ಇನ್ನು ಹಣ ಬರುವ ದಿನ. ‘ಮಾಲು ಒಪ್ಪಿದ 30 ದಿನದೊಳಗೆ’ ಎಂದಷ್ಟೇ ಇದ್ದರೆ, ಒಪ್ಪಲು ಅವರಿಗೆ ಎಷ್ಟು ದಿನ ಎಂದು ಕೇಳಿ. ಅದಕ್ಕೆ ಮಿತಿ ಇಲ್ಲದಿದ್ದರೆ 30 ದಿನದ ಲೆಕ್ಕ ಶುರುವಾಗುವುದೇ ಇಲ್ಲ. ಉದ್ಯಮ್ ನೋಂದಣಿ ಇರುವ ಸಣ್ಣ ಉತ್ಪಾದಕರಿಗೆ 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ ರಕ್ಷಣೆ ಇದೆ. ಮಾಲು ತಲುಪಿದ 15 ದಿನದಲ್ಲಿ ಬರವಣಿಗೆಯ ತಕರಾರು ಬರದಿದ್ದರೆ ತಲುಪಿದ ದಿನವೇ ಒಪ್ಪಿದಂತೆ. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಪಾವತಿ 45 ದಿನ ಮೀರುವಂತಿಲ್ಲ. ಇದು ನಿಮಗೆ ಅನ್ವಯಿಸುತ್ತದೆಯೇ ಎಂದು ವಕೀಲರನ್ನು ಕೇಳಿ.

ಖಾಲಿ ಬಿಟ್ಟ ಜಾಗ, ‘ಅನುಬಂಧ 2 ನೋಡಿ’ ಎಂದಿದ್ದೂ ಲಗತ್ತಿಸದ ಹಾಳೆ, ಇವನ್ನೂ ಬಿಡಬೇಡಿ. ಅರ್ಥವಾಗದ ಕಾನೂನಿನ ಸಾಲನ್ನು ಮಾತ್ರ ನೀವೇ ತಿದ್ದಲು ಹೋಗಬೇಡಿ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಸಾಕು. ಕೊನೆಗೆ ಒಂದು ಹಾಳೆಯಲ್ಲಿ ಪುಟ ಸಂಖ್ಯೆ, ಅಲ್ಲಿ ಬರೆದಿರುವುದು, ನಾವು ಮಾತಾಡಿದ್ದು ಎಂದು ಪಟ್ಟಿ ಮಾಡಿ, ಆ ಜೆರಾಕ್ಸ್ ಜೊತೆಗೆ ವಕೀಲರಿಗೆ ಕೊಡಿ. ಮೂಲ ಪ್ರತಿ, ಸಹಿ ಇಲ್ಲದೆ, ನಿಮ್ಮ ಬೀರುವಿನಲ್ಲೇ ಇರಲಿ.