ಕ್ಯೂಆರ್ ಚಿತ್ರದೊಳಗಿನ ಬೀಗದ ಕೈ

ಊರಾಚೆ ಇರುವಾಗಲೂ ಮನೆಯ ಕಂಪ್ಯೂಟರಿಗೆ ಫೋನಿನಿಂದ ಸುರಕ್ಷಿತ ದಾರಿ ಬೇಕೆಂದು ಹಲವರು ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿಕೊಳ್ಳುತ್ತಾರೆ. ಇದರ ಕೀಲಿ 44 ಅಕ್ಷರಗಳ ಅರ್ಥವಿಲ್ಲದ ಸಾಲು. ಫೋನಿನಲ್ಲಿ ಒತ್ತುತ್ತಾ ಕೂತರೆ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ಅದಕ್ಕೇ ಕ್ಯೂಆರ್ ಕೋಡ್. ಸರ್ವರಿನಲ್ಲಿ ಫೋನಿಗೆಂದು ಸಿದ್ಧಪಡಿಸಿದ ಕಡತವನ್ನು ಈ ಆಜ್ಞೆ ತೆರೆಯ ಮೇಲೆ ಚಿತ್ರವಾಗಿಸುತ್ತದೆ:

```
qrencode -t ansiutf8 < phone.conf
```

ಫೋನಿನ ವೈರ್‌ಗಾರ್ಡ್ ಆ್ಯಪಿನಲ್ಲಿ + ಗುರುತು ಒತ್ತಿ, ಕ್ಯೂಆರ್ ಆಯ್ಕೆ ಮಾಡಿ, ಕ್ಯಾಮೆರಾ ಹಿಡಿದು, ಒಂದು ಹೆಸರು ಕೊಟ್ಟರೆ ಮುಗಿಯಿತು.

ವಾಟ್ಸ್‌ಆ್ಯಪನ್ನು ಕಂಪ್ಯೂಟರಿಗೆ ಜೋಡಿಸುವಾಗ ಬರುವ ಕೋಡ್ ಕೆಲವೇ ಕ್ಷಣಗಳಲ್ಲಿ ಬದಲಾಗುತ್ತದೆ. ಅದೇ ಅಭ್ಯಾಸದಲ್ಲಿ ಇದನ್ನೂ ಒಮ್ಮೆ ಬಳಸಿ ಬಿಸಾಡುವ ಚೀಟಿ ಎಂದುಕೊಳ್ಳುವವರು ಬಹಳ. ಆದರೆ ಈ ಚಿತ್ರದಲ್ಲಿರುವುದು ಇಡೀ ಕಡತವೇ. `PrivateKey` ಎಂಬ ಸಾಲಿನ ಖಾಸಗಿ ಕೀಲಿಯೂ ಯಾವ ಮುಚ್ಚುಮರೆಯಿಲ್ಲದೆ ಅದರೊಳಗಿದೆ. ಅದಕ್ಕೆ ಅವಧಿ ಇಲ್ಲ, ಜೊತೆಗೆ ಪಾಸ್‌ವರ್ಡೂ ಇಲ್ಲ. ಇವತ್ತಿನ ಸ್ಕ್ರೀನ್‌ಶಾಟನ್ನು ಮುಂದಿನ ವರ್ಷ ಸ್ಕ್ಯಾನ್ ಮಾಡಿದರೂ ಬಾಗಿಲು ತೆರೆಯುತ್ತದೆ. ಆ ಸ್ಕ್ರೀನ್‌ಶಾಟ್ ತಾನಾಗಿಯೇ ಫೋಟೋ ಬ್ಯಾಕಪ್‌ಗೆ ಹೋಗಿರುತ್ತದೆ ಎಂಬುದನ್ನು ನಾವು ಮರೆತಿರುತ್ತೇವೆ. ಕೋಡ್ ಮಾಡಿಕೊಡುವ ಯಾವುದೋ ಜಾಲತಾಣಕ್ಕೆ ಕಡತವನ್ನು ಅಂಟಿಸುವುದಂತೂ ಬೇಡವೇ ಬೇಡ. ಸ್ಕ್ಯಾನ್ ಆದ ಮೇಲೆ ಸರ್ವರಿನಲ್ಲಿರುವ `phone.conf` ಅನ್ನೂ ಅಳಿಸಬಹುದು. ಸರ್ವರಿಗೆ ಬೇಕಾದದ್ದು ಫೋನಿನ ಸಾರ್ವಜನಿಕ ಕೀಲಿ ಮಾತ್ರ.

ಒಂದೇ ಕೋಡನ್ನು ಗಂಡ ಹೆಂಡತಿ ಇಬ್ಬರೂ ಸ್ಕ್ಯಾನ್ ಮಾಡಿದರು ಎನ್ನಿ. ಕೀಲಿ ಒಂದೇ ಆದ್ದರಿಂದ ಸರ್ವರಿನ ಲೆಕ್ಕದಲ್ಲಿ ಅದು ಒಂದೇ ಫೋನು. ಕೊನೆಯದಾಗಿ ಯಾವ ಫೋನಿನಿಂದ ಸರಿಯಾದ ಪ್ಯಾಕೆಟ್ ಬಂತೋ ಉತ್ತರವೆಲ್ಲ ಅತ್ತ ಹೋಗುತ್ತದೆ. ಇಬ್ಬರೂ ಒಟ್ಟಿಗೆ ಬಳಸಿದರೆ ಸಂಪರ್ಕ ಅತ್ತಿತ್ತ ಹಾರುತ್ತಾ ಇಬ್ಬರಿಗೂ ತುಂಡಾಗುತ್ತದೆ. ಕೀಲಿ ಹೊರಗಿನವರ ಕೈ ಸೇರಿದರೂ ಹೀಗೇ ಆಗಬಹುದು. ಸರ್ವರಿನಲ್ಲಿ `wg show` ಕೊಟ್ಟು `latest handshake` ಸಾಲು ನೋಡಿ. ನಿಮ್ಮ ಫೋನಿನಲ್ಲಿ ವಿಪಿಎನ್ ಆರಿಸಿ ಬಹಳ ಹೊತ್ತಾಗಿದ್ದರೂ ಅದು ನಿಮಿಷದ ಹಿಂದಿನದನ್ನು ತೋರಿಸಿದರೆ ಬೇರೊಬ್ಬರು ಒಳಗಿದ್ದಾರೆ. ವಿಳಾಸ ಬದಲಾದದ್ದಷ್ಟೇ ಕಂಡು ಗಾಬರಿಯಾಗಬೇಡಿ. ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಬಂದರೂ ಅದು ಬದಲಾಗುತ್ತದೆ.

ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ದಾರಿ ಆ್ಯಪಿನಲ್ಲೇ ಹೊಸ ಕೀಲಿ ಜೋಡಿ ಹುಟ್ಟಿಸಿ, ಸಾರ್ವಜನಿಕ ಕೀಲಿಯನ್ನಷ್ಟೇ ಸರ್ವರಿಗೆ ಕೊಡುವುದು. ಆಗ ಖಾಸಗಿ ಕೀಲಿ ಫೋನು ಬಿಟ್ಟು ಕದಲುವುದೇ ಇಲ್ಲ. ಕೋಡೇ ಬೇಕೆಂದರೆ ಫೋನಿಗೊಂದು ಬೇರೆ ಕೀಲಿ ಇರಲಿ.

ಚಿತ್ರ ಸೋರಿದೆ ಎಂದು ಗೊತ್ತಾದರೆ ಫೋನಿನಿಂದ ಅಳಿಸಿ ಪ್ರಯೋಜನವಿಲ್ಲ. ಸರ್ವರಿನಲ್ಲೇ ಆ ಕೀಲಿಯನ್ನು ಕಿತ್ತುಹಾಕಬೇಕು:

```
wg set wg0 peer <public-key> remove
```

ಇಷ್ಟೇ ಮಾಡಿ ಬಿಟ್ಟರೆ ಸರ್ವರ್ ಮತ್ತೆ ಶುರುವಾದಾಗ ಹಳೆಯ ಕೀಲಿ ಮರಳಿ ಬರುತ್ತದೆ. `wg0.conf` ಕಡತದಲ್ಲಿರುವ ಆ ಫೋನಿನ `[Peer]` ಭಾಗವನ್ನೂ ತೆಗೆದು, ಹೊಸ ಕೀಲಿ ಮಾಡಿಕೊಳ್ಳಿ.